ನಡುಮನೆಗೆ ಎಷ್ಟು ಬಾಕ್ಸ್ ಟೈಲ್ಸ್: ಅಂಚಿನ ತುಂಡುಗಳಿಂದ ಶುರುವಾದ ಲೆಕ್ಕ

ತುಮಕೂರಿನ ನಮ್ಮ ಹಳೆಯ ಮನೆಯ ನಡುಮನೆ ಮತ್ತು ಅದಕ್ಕೆ ಹೊಂದಿಕೊಂಡ ಪ್ಯಾಸೇಜಿನ ಮೊಸಾಯಿಕ್ ನೆಲ ಅಲ್ಲಲ್ಲಿ ಕುಸಿದು ಬಿರುಕು ಬಿಟ್ಟಿದ್ದರಿಂದ, ಅದನ್ನು ಪೂರ್ತಿ ಕಿತ್ತು ವಿಟ್ರಿಫೈಡ್ ಟೈಲ್ಸ್ ಹಾಕಿಸುವುದೆಂದು ತೀರ್ಮಾನವಾಯಿತು. ಆರಿಸಿದ್ದು ತಿಳಿ ಬಣ್ಣದ, ಗೆರೆಗಳಿಲ್ಲದ, ಡಬಲ್ ಚಾರ್ಜ್ ಟೈಲ್; ಅಳತೆ 600 × 600 ಮಿ.ಮೀ., ಒಂದು ಬಾಕ್ಸಿಗೆ ನಾಲ್ಕು. ಅಂಗಡಿಯಲ್ಲಿ ಕೋಣೆಯ ಅಳತೆ ಕೇಳಿದಾಗ ನಾನು ನಡುಮನೆ 14 ಅಡಿಗೆ ಹದಿನೇಳೂಕಾಲು ಅಡಿ, ಪ್ಯಾಸೇಜ್ 4 ಅಡಿಗೆ 10 ಅಡಿ ಎಂದು ಹೇಳಿದೆ. ಅಂಗಡಿಯವರು ಕ್ಯಾಲ್ಕುಲೇಟರಿನಲ್ಲಿ ಎರಡನ್ನೂ ಗುಣಿಸಿ ಕೂಡಿಸಿ, ಹತ್ತು ಪರ್ಸೆಂಟ್ ವೇಸ್ಟೇಜ್ ಸೇರಿಸಿ, ಬಾಕ್ಸಿಗೆ 16 ಚದರ ಅಡಿಯಂತೆ ಭಾಗಿಸಿ, "ಇಪ್ಪತ್ತು ಬಾಕ್ಸ್ ಸಾಕು ಸಾರ್" ಎಂದರು. ಅರ್ಧ ನಿಮಿಷದಲ್ಲಿ ಮುಗಿದ ಆ ಲೆಕ್ಕ ನೋಡಲು ಸರಿಯಾಗಿಯೇ ಇತ್ತು. ಆದರೂ ಮುಂಗಡ ಕೊಡುವ ಮೊದಲು ಒಂದು ದಿನ ಸಮಯ ಕೇಳಿ ಮನೆಗೆ ಬಂದು ಮತ್ತೆ ಅಳತೆ ಹಿಡಿದೆ. ಆ ಇಪ್ಪತ್ತು ಕೊನೆಗೆ ಇಪ್ಪತ್ತೆರಡಾದದ್ದು ಹೇಗೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಬಾಕ್ಸಿನ ವಿಷಯ. ಈ ಟೈಲನ್ನು ಎಲ್ಲರೂ "ಎರಡು ಬೈ ಎರಡು" ಎಂದೇ ಕರೆಯುತ್ತಾರೆ. ಆದರೆ ಎರಡು ಅಡಿ ಎಂದರೆ ಸುಮಾರು 610 ಮಿ.ಮೀ., ಟೈಲಿನ ಬದಿ ಇರುವುದು 600 ಮಾತ್ರ. ನಾಲ್ಕು ಟೈಲುಗಳು ಸೇರಿ ಮುಚ್ಚುವುದು 1.44 ಚದರ ಮೀಟರ್, ಅಂದರೆ ಹದಿನೈದೂವರೆ ಚದರ ಅಡಿ. ಬಾಕ್ಸಿನ ಮೇಲೆ ಅಚ್ಚಾಗಿರುವುದೂ ಅದೇ. ಒಂದು ಬಾಕ್ಸಿಗೆ ಅರ್ಧ ಚದರ ಅಡಿ ದೊಡ್ಡದಾಗಿ ಕಾಣದಿದ್ದರೂ ಇಪ್ಪತ್ತು ಬಾಕ್ಸಿಗೆ ಹತ್ತು ಚದರ ಅಡಿಯಾಗುತ್ತದೆ, ಅಂದರೆ ಹೆಚ್ಚುಕಡಿಮೆ ಮೂರು ಟೈಲು. ಅದರ ಜೊತೆಗೆ ನಾನು ಅಡಿಗಳನ್ನು ಬಾಯಿಲೆಕ್ಕದಲ್ಲಿ ದುಂಡಗೆ ಹೇಳಿದ್ದೆ. ಸರಿಯಾದ ಅಳತೆಯಲ್ಲಿ ಎರಡೂ ಸೇರಿ 26.22 ಚದರ ಮೀಟರ್ ಬಂತು. ಹತ್ತು ಪರ್ಸೆಂಟ್ ಸೇರಿಸಿ 1.44ರಿಂದ ಭಾಗಿಸಿದರೆ 20.03. ಬಿಡಿ ಟೈಲ್ ಕೊಡುವುದಿಲ್ಲವಾದ್ದರಿಂದ ಆ 0.03ಕ್ಕೂ ಒಂದು ಪೂರ್ತಿ ಬಾಕ್ಸ್ ಬೇಕು. ಅಂಗಡಿಯವರ ಕ್ರಮವನ್ನೇ ಹಿಡಿದು ಹೋದರೂ ಉತ್ತರ 21 ಆಗಬೇಕಿತ್ತು. ಆದರೆ ನಿಜವಾದ ಕೊರತೆ ಇರುವುದು ಇಲ್ಲಿಯೂ ಅಲ್ಲ, ಆ ಹತ್ತು ಪರ್ಸೆಂಟಿನಲ್ಲಿ.

ಅಳತೆ

ಹಳೆಯ ಮನೆಯ ಗೋಡೆಗಳು ನೇರವಾಗಿರುತ್ತವೆ ಎಂದು ನಂಬಬಾರದು. ಹಾಗಾಗಿ ಪ್ರತಿ ದಿಕ್ಕಿನಲ್ಲೂ ಎರಡು ತುದಿಗಳಲ್ಲಿ ಮತ್ತು ನಡುವೆ, ಹೀಗೆ ಮೂರು ಕಡೆ, ನೆಲಮಟ್ಟದಲ್ಲಿಯೇ ಟೇಪ್ ಹಿಡಿದೆ. ನಡುಮನೆಯ ಅಗಲ ಒಂದು ತುದಿಯಲ್ಲಿ 4,262, ನಡುವೆ 4,270, ಇನ್ನೊಂದು ತುದಿಯಲ್ಲಿ 4,266 ಮಿ.ಮೀ. ಬಂತು, ಉದ್ದದಲ್ಲಿ ಅತಿ ಹೆಚ್ಚಿನದು 5,270. ಟೈಲುಗಳನ್ನು ಎಣಿಸಲು ಹೆಚ್ಚಿನ ಅಳತೆಯನ್ನೇ ಹಿಡಿಯಬೇಕು, ಅಂಚಿನ ತುಂಡು ಎಷ್ಟು ಕಿರಿದಾದೀತು ಎಂದು ನೋಡಲು ಕಡಿಮೆಯದನ್ನು ಹಿಡಿಯಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ಅಡ್ಡಡ್ಡಲಾಗಿ ಅಳೆದೆ. ಒಂದು ಕರ್ಣ 6,776, ಇನ್ನೊಂದು 6,790. ಕೋಣೆ ಮೂಲೆಮಟ್ಟಕ್ಕೆ ಸರಿಯಾಗಿದ್ದರೆ ಎರಡೂ ಒಂದೇ ಬರಬೇಕು. 14 ಮಿ.ಮೀ. ವ್ಯತ್ಯಾಸವೆಂದರೆ ಪಕ್ಕದ ಗೋಡೆಗಳು 5,270ರ ಉದ್ದದಲ್ಲಿ ಸುಮಾರು 11 ಮಿ.ಮೀ. ಓರೆಯಾಗಿ ಸಾಗುತ್ತವೆ ಎಂದರ್ಥ. ಟೈಲುಗಳ ಸಾಲು ನೇರವಾಗಿರುತ್ತದೆ, ಗೋಡೆ ಓರೆಯಾಗಿರುತ್ತದೆ. ಆ ಓರೆಯನ್ನೆಲ್ಲ ನುಂಗಬೇಕಾದದ್ದು ಗೋಡೆಯ ಪಕ್ಕದ ಕತ್ತರಿಸಿದ ತುಂಡು. ಈ ಮಾತು ಮುಂದೆ ಕೆಲಸಕ್ಕೆ ಬರುತ್ತದೆ.

ಟೈಲುಗಳ ನಡುವೆ 2 ಮಿ.ಮೀ. ಸ್ಪೇಸರ್ ಇಡುವುದೆಂದೂ, ಸುತ್ತಲೂ ಗೋಡೆಯಿಂದ 5 ಮಿ.ಮೀ. ಬಿಡುವುದೆಂದೂ ಮೇಸ್ತ್ರಿಯೊಂದಿಗೆ ಮೊದಲೇ ಮಾತಾಗಿತ್ತು. ಗೋಡೆಯ ಪಕ್ಕದ ಆ ಸಂದು ಸ್ಕರ್ಟಿಂಗ್ ಪಟ್ಟಿಯ ಅಡಿ ಮರೆಯಾಗುತ್ತದೆ. ಆದ್ದರಿಂದ ಅಗಲದಲ್ಲಿ ಟೈಲಿಗೆ ಸಿಗುವ ಜಾಗ 4,260, ಉದ್ದದಲ್ಲಿ 5,260.

ಅಗಲದ ತೊಡಕು

ಈಗ ಅಗಲಕ್ಕೆ ಟೈಲುಗಳನ್ನು ಜೋಡಿಸಿ ನೋಡೋಣ. ಒಂದು ಗೋಡೆಯಿಂದ ಪೂರ್ತಿ ಟೈಲಿನೊಂದಿಗೆ ಶುರುಮಾಡಿದರೆ ಏಳು ಪೂರ್ತಿ ಟೈಲುಗಳಿಗೆ 4,200, ಏಳು ಸಂದುಗಳಿಗೆ 14. ಉಳಿಯುವುದು 46 ಮಿ.ಮೀ. ಅಂದರೆ ಇನ್ನೊಂದು ಗೋಡೆಯ ಉದ್ದಕ್ಕೂ ಎರಡಿಂಚೂ ಇಲ್ಲದ ಒಂದು ಪಟ್ಟಿ. ಅಷ್ಟು ಕಿರಿದಾದ ತುಂಡನ್ನು ಕತ್ತರಿಸುವಾಗ ಅದು ಮುರಿಯುವುದೇ ಹೆಚ್ಚು, ಕೂತ ಮೇಲೂ ಅದರಡಿ ಅಂಟು ಸರಿಯಾಗಿ ಹರಡುವುದಿಲ್ಲ. ಜೊತೆಗೆ ಗೋಡೆಯ ಆ 11 ಮಿ.ಮೀ. ಓರೆ ಈ ಪಟ್ಟಿಯ ಮೇಲೆಯೇ ಬೀಳುತ್ತದೆ. ಒಂದು ತುದಿಯಲ್ಲಿ 46 ಇದ್ದದ್ದು ಇನ್ನೊಂದು ತುದಿಗೆ 35ಕ್ಕೆ ಇಳಿದರೆ ಕೋಣೆಯ ಬಾಗಿಲಲ್ಲಿ ನಿಂತವರಿಗೆಲ್ಲ ಕಾಣುತ್ತದೆ. ಅಮ್ಮ ಈ ಲೆಕ್ಕವನ್ನೇನೂ ಕೇಳಲಿಲ್ಲ. "ಗೋಡೆ ಪಕ್ಕ ಚೂರುಪಾರು ಕೂರಿಸಬೇಡಿ" ಎಂದಷ್ಟೇ ಹೇಳಿದರು.

ಇದಕ್ಕೆ ಕೆಲಸದವರೆಲ್ಲ ಮಾಡುವ ಪರಿಹಾರ ಒಂದೇ. ಒಂದು ಪೂರ್ತಿ ಟೈಲನ್ನು ಕಡಿಮೆ ಮಾಡಿ, ಉಳಿದ ಜಾಗವನ್ನು ಎರಡೂ ಬದಿಗೆ ಸಮನಾಗಿ ಹಂಚುತ್ತಾರೆ. ಆರು ಪೂರ್ತಿ ಟೈಲುಗಳಿಗೆ 3,600, ಏಳು ಸಂದುಗಳಿಗೆ 14, ಉಳಿದ 646ನ್ನು ಇಬ್ಭಾಗ ಮಾಡಿದರೆ ಎರಡು ಕಡೆಯೂ 323ರ ತುಂಡು. ಅರ್ಧ ಟೈಲಿಗಿಂತ ದೊಡ್ಡದು, ಗಟ್ಟಿಮುಟ್ಟಾದದ್ದು, 11 ಮಿ.ಮೀ. ಓರೆ ಇದರಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಆದರೆ ಟೈಲಿನ ಎಣಿಕೆ ಇಲ್ಲಿ ತಿರುಗಿಬೀಳುತ್ತದೆ. ಅಂಚಿನ ತುಂಡು 298 ಅಥವಾ ಅದಕ್ಕಿಂತ ಕಡಿಮೆ ಇದ್ದಿದ್ದರೆ, ಬ್ಲೇಡ್ ತಿನ್ನುವ ಸುಮಾರು 3 ಮಿ.ಮೀ. ಕಳೆದರೂ, ಒಂದೇ ಟೈಲನ್ನು ಕತ್ತರಿಸಿ ಎಡಬಲ ಎರಡೂ ತುಂಡುಗಳನ್ನು ಪಡೆಯಬಹುದಿತ್ತು. 323 ಬೇಕಾದಾಗ ಒಂದು ಟೈಲಿನಿಂದ ಒಂದೇ ತುಂಡು. ಉಳಿಯುವ 274 ಇನ್ನೊಂದು ಬದಿಗೆ ಸಾಲದು. ಕೇವಲ 25 ಮಿ.ಮೀ. ಹೆಚ್ಚಿರುವುದರಿಂದ ಪ್ರತಿ ಸಾಲಿಗೂ ಏಳರ ಬದಲು ಎಂಟು ಟೈಲು ಬೇಕಾಗುತ್ತದೆ. ಸಂದನ್ನು 2ರಿಂದ 3ಕ್ಕೆ ಏರಿಸಿ ತಪ್ಪಿಸಿಕೊಳ್ಳಬಹುದೇ ಎಂದು ಆಸೆಯಿಂದ ಲೆಕ್ಕ ಹಾಕಿದೆ. ಏಳು ಸಂದುಗಳಿಂದ ಸಿಗುವುದು 7 ಮಿ.ಮೀ. ಮಾತ್ರ, ಬದಿಗೆ ಮೂರೂವರೆ. ಗೋಡೆಯ ಪಕ್ಕದ ಸಂದನ್ನು ಹಿಗ್ಗಿಸಿದರೂ ಸ್ಕರ್ಟಿಂಗ್ ಮುಚ್ಚುವುದು ಅದರ ದಪ್ಪದಷ್ಟು, ಅಂದರೆ ಹತ್ತು ಮಿ.ಮೀ. ಆಸುಪಾಸು. ದಾರಿ ಇರಲಿಲ್ಲ.

ಉದ್ದದ ಕಡೆ ಇಂಥ ತಕರಾರಿಲ್ಲ. ಬಾಗಿಲಿನ ಕಡೆಯಿಂದ ಎಂಟು ಪೂರ್ತಿ ಸಾಲುಗಳು ಹೋಗಿ, ಹಿಂದಿನ ಗೋಡೆಗೆ 444ರ ಒಂದು ಸಾಲು ಉಳಿಯುತ್ತದೆ. ಅದು ದೊಡ್ಡ ತುಂಡೇ, ಸೋಫಾದ ಅಡಿಗೆ ಹೋಗುವಂಥದ್ದು. ಹೀಗೆ ಒಟ್ಟು ಒಂಬತ್ತು ಸಾಲು, ಸಾಲಿಗೆ ಎಂಟರಂತೆ 72 ಟೈಲು. ನಡುಮನೆಯ 22.50 ಚದರ ಮೀಟರಿಗೆ ವಿಸ್ತೀರ್ಣದ ಲೆಕ್ಕದಲ್ಲಿ ಬೇಕಾದದ್ದು ಅರವತ್ತೆರಡೂವರೆ. ಹತ್ತು ಪರ್ಸೆಂಟ್ ಸೇರಿಸಿದರೆ 69. ನಿಜಕ್ಕೂ ಬೇಕಾದದ್ದು ಹದಿನೈದು ಪರ್ಸೆಂಟಿಗೂ ತುಸು ಹೆಚ್ಚು, ಅದೂ ಒಂದು ಟೈಲೂ ಒಡೆಯದೆ ಇದ್ದರೆ. ಇದೇ ಕೋಣೆ 48 ಮಿ.ಮೀ. ಕಿರಿದಾಗಿದ್ದರೆ ಏಳು ಪೂರ್ತಿ ಟೈಲುಗಳು ಕತ್ತರಿಯೇ ಇಲ್ಲದೆ ಕೂತು 63ರಲ್ಲಿ ಕೆಲಸ ಮುಗಿಯುತ್ತಿತ್ತು. ಹಾಗಾಗಿ ವೇಸ್ಟೇಜನ್ನು ತೀರ್ಮಾನಿಸುವುದು ಕೋಣೆಯ ವಿಸ್ತೀರ್ಣವಲ್ಲ, ಅಗಲ ಮತ್ತು ಉದ್ದವನ್ನು ಟೈಲಿನ ಅಳತೆಯಿಂದ ಭಾಗಿಸಿದಾಗ ಉಳಿಯುವ ಶೇಷ. ಪಕ್ಕದ ಮನೆಯವರಿಗೆ ಐದು ಪರ್ಸೆಂಟಿನಲ್ಲಿ ಮುಗಿಯಿತು ಎಂಬ ಮಾತು ನಮ್ಮ ಕೋಣೆಗೆ ಏನನ್ನೂ ಹೇಳುವುದಿಲ್ಲ.

ಉಳಿದ ತುಂಡುಗಳು ಎಲ್ಲಿಗೆ

46 ಮಿ.ಮೀ. ಪಟ್ಟಿಯ ಜೋಡಣೆಯಲ್ಲಿ ಎಷ್ಟು ಟೈಲು ಹೋಗುತ್ತಿತ್ತು ಎಂದೂ ಎಣಿಸಿದೆ. ಸಾಲಿಗೆ ಏಳರಂತೆ 63, ಒಂಬತ್ತು ಪಟ್ಟಿಗಳೂ ಒಂದೇ ಟೈಲಿನಿಂದ ಸಿಗುವುದರಿಂದ ಇನ್ನೊಂದು, ಒಟ್ಟು 64. ಚೆನ್ನಾದ ಜೋಡಣೆಗೆ 72, ಕೆಟ್ಟದ್ದಕ್ಕೆ 64. ಎಂಟು ಟೈಲು ಎಂದರೆ ಎರಡು ಬಾಕ್ಸ್. ಕಾಸು ಉಳಿಸುವ ಮನಸ್ಸು ಸ್ವಲ್ಪ ಹೊತ್ತು ಅತ್ತ ವಾಲಿದ್ದು ನಿಜ. ಸ್ಕರ್ಟಿಂಗ್ ನೆನಪಾದಾಗ ಆ ವಾಲಿಕೆ ನಿಂತಿತು.

ಬಾಗಿಲುಗಳ ಜಾಗ ಕಳೆದು ನಡುಮನೆಯಲ್ಲಿ 16 ಮೀಟರ್, ಪ್ಯಾಸೇಜಿನಲ್ಲಿ ಐದೂಮುಕ್ಕಾಲು ಮೀಟರಿಗೆ ತುಸು ಕಡಿಮೆ, ಹೀಗೆ ಸುತ್ತಲೂ ಸ್ಕರ್ಟಿಂಗ್ ಬೇಕಿತ್ತು. 600 ಉದ್ದ, 100 ಎತ್ತರದ ಪಟ್ಟಿಗಳು ಉದ್ದದ ಲೆಕ್ಕದಲ್ಲಿ 36 ಸಾಕಾದರೂ, ಪ್ರತಿ ಮೂಲೆಯಲ್ಲಿ ಮತ್ತು ಬಾಗಿಲ ಚೌಕಟ್ಟಿನ ಪಕ್ಕ ಒಂದಷ್ಟು ಕತ್ತರಿಸಿ ಹೋಗುವುದರಿಂದ 39 ಎಂದು ಹಿಡಿದೆ. ಅಂಗಡಿಯ ಲೆಕ್ಕದಲ್ಲಿ ಇದು ಸೇರಿಯೇ ಇರಲಿಲ್ಲ.

ಈಗ 72ರ ಜೋಡಣೆಯಲ್ಲಿ ಉಳಿಯುವ ತುಂಡುಗಳನ್ನು ನೋಡಿ. ಎರಡು ಬದಿ ಸೇರಿ 18 ಟೈಲುಗಳನ್ನು 323ಕ್ಕೆ ಕತ್ತರಿಸುತ್ತೇವೆ. ಪ್ರತಿಯೊಂದರಿಂದಲೂ ಉಳಿಯುವುದು 600 ಉದ್ದ, 274 ಅಗಲದ ತುಂಡು. ಅದರಲ್ಲಿ 100ರ ಪಟ್ಟಿ ಎರಡು ಸಿಗುತ್ತವೆ, ಬ್ಲೇಡ್ ತಿಂದದ್ದು ಕಳೆದರೂ 70ರಷ್ಟು ಮಿಗುತ್ತದೆ. ಅಲ್ಲಿಗೆ 36 ಪಟ್ಟಿ. ಹಿಂದಿನ ಸಾಲಿನ ಆರು ಟೈಲುಗಳನ್ನು 444ಕ್ಕೆ ಕತ್ತರಿಸಿದಾಗ 153 ಅಗಲದ ತುಂಡು ಉಳಿಯುತ್ತದೆ, ಅದರಿಂದ ಒಂದೊಂದು ಪಟ್ಟಿ. ಒಟ್ಟು 42. ಬೇಕಾದದ್ದು 39. ಅಂದರೆ ಸ್ಕರ್ಟಿಂಗಿಗೆಂದು ಒಂದೇ ಒಂದು ಹೊಸ ಟೈಲನ್ನು ಮುಟ್ಟಬೇಕಾಗಿಲ್ಲ. ಮೂಲೆಯ ಎರಡು ಟೈಲುಗಳಲ್ಲಿ ಮಾತ್ರ ಕತ್ತರಿಸುವ ಕ್ರಮ ಮುಖ್ಯ. ಮೊದಲು 323ಕ್ಕೆ ಸೀಳಿ, ಆಮೇಲೆ ಆ ತುಂಡನ್ನು 444ಕ್ಕೆ ಇಳಿಸಬೇಕು. ಮೊದಲೇ 444ಕ್ಕೆ ಕತ್ತರಿಸಿಬಿಟ್ಟರೆ ಪಟ್ಟಿಗಳ ಉದ್ದ 600 ಸಿಗುವುದಿಲ್ಲ.

ಕಿರಿದಾದ ಪಟ್ಟಿಯ ಜೋಡಣೆಗೆ ಹೋಗಿದ್ದರೆ ಈ ತುಂಡುಗಳೇ ಇರುತ್ತಿರಲಿಲ್ಲ. ಹಿಂದಿನ ಸಾಲಿನಿಂದ ಏಳು, ಪಟ್ಟಿ ಸೀಳಿದ ಟೈಲಿನ ಉಳಿಕೆಯಿಂದ ಒಂದು. ಬಾಕಿ 31 ಪಟ್ಟಿಗಳಿಗೆ, ಟೈಲಿಗೆ ಐದರಂತೆ, ಇನ್ನೂ ಏಳು ಹೊಸ ಟೈಲು ಕತ್ತರಿಸಬೇಕಿತ್ತು. 64ಕ್ಕೆ ಏಳು ಸೇರಿಸಿದರೆ 71. ಎಂಟು ಟೈಲಿನ ಉಳಿತಾಯ ಎಂದುಕೊಂಡದ್ದು ಕೊನೆಗೆ ಒಂದೇ ಟೈಲಿಗೆ ಇಳಿಯಿತು. ಒಂದು ಟೈಲಿನ ಆಸೆಗೆ ಗೋಡೆಯುದ್ದಕ್ಕೂ 46 ಮಿ.ಮೀ. ಚೂರುಗಳನ್ನು ಯಾರು ಕೂರಿಸಿಯಾರು?

ಇದರಲ್ಲಿ ಒಂದು ಮಿತಿಯೂ ಇದೆ. 274ರ ತುಂಡಿನಲ್ಲಿ ಕಾರ್ಖಾನೆಯ ಅಂಚು ಇರುವುದು ಒಂದು ಬದಿಗೆ ಮಾತ್ರ. ಅದರಿಂದ ಬರುವ ಎರಡು ಪಟ್ಟಿಗಳಲ್ಲಿ ಒಂದಕ್ಕೆ ಒಳ್ಳೆಯ ಅಂಚನ್ನು ಮೇಲೆ ಮಾಡಿ, ಕತ್ತರಿಸಿದ್ದನ್ನು ನೆಲಕ್ಕೆ ಇಡಬಹುದು. ಇನ್ನೊಂದಕ್ಕೆ ಎರಡೂ ಬದಿ ಬ್ಲೇಡಿನವೇ, ಆದ್ದರಿಂದ ಅದರ ಮೇಲಂಚನ್ನು ಗ್ರೈಂಡರಿನಲ್ಲಿ ತಿಕ್ಕಿ ನಯಗೊಳಿಸಬೇಕು. ಡಬಲ್ ಚಾರ್ಜ್ ಟೈಲಿನಲ್ಲಿ ಬಣ್ಣದ ಪದರ ಕೆಲವು ಮಿ.ಮೀ. ಆಳಕ್ಕೆ ಇರುವುದರಿಂದ ತಿಕ್ಕಿದರೂ ಅಂಚು ಅಷ್ಟು ಬೇರೆಯಾಗಿ ಕಾಣಲಿಲ್ಲ. ಮೇಲೆ ಗ್ಲೇಜ್ ಇರುವ ಟೈಲಾಗಿದ್ದರೆ ಒಳಗಿನ ಮಣ್ಣಿನ ಬಣ್ಣ ಮೇಲಂಚಿನಲ್ಲಿ ಗೆರೆಯಾಗಿ ಎದ್ದು ಕಾಣುತ್ತದೆ. ಆಗ ಈ 42ರ ಲೆಕ್ಕವನ್ನು ಅರೆಮನಸ್ಸಿನಿಂದಲೇ ನಂಬಬೇಕು.

ಪ್ಯಾಸೇಜ್

ಪ್ಯಾಸೇಜಿನ ಅಗಲ 1,209ರಿಂದ 1,220ರವರೆಗೆ ಇತ್ತು. ಎರಡು ಟೈಲು, ನಡುವೆ ಒಂದು ಸಂದು ಸೇರಿ 1,202. ಉಳಿದದ್ದು ಎರಡು ಬದಿಯ ಸಂದಿಗೆ ಸರಿಹೋಯಿತು, ಅತಿ ಅಗಲವಾದ ಕಡೆ ಬದಿಗೆ 9 ಮಿ.ಮೀ. ಬಂದರೂ ಸ್ಕರ್ಟಿಂಗ್ ಮುಚ್ಚಿತು. ಉದ್ದ 3,050 ಮಾತ್ರ ಕಾಡಿತು. ಐದು ಪೂರ್ತಿ ಟೈಲು ಕೂತ ಮೇಲೆ ಮತ್ತೆ 30 ಮಿ.ಮೀ. ಚೂರು, ಅದನ್ನು ಎರಡು ಕಡೆ ಹಂಚಿದರೆ 315, ಮತ್ತೆ ಅರ್ಧಕ್ಕಿಂತ ಹೆಚ್ಚು. ಇಲ್ಲಿ ಮೇಸ್ತ್ರಿಯ ಸಲಹೆ ಉಪಕಾರಕ್ಕೆ ಬಂತು. ನಡುಮನೆ ಮತ್ತು ಪ್ಯಾಸೇಜಿನ ನಡುವೆ ಗೋಡೆಯ ದಪ್ಪದಷ್ಟು, ಅಂದರೆ ನಾಲ್ಕೂವರೆ ಇಂಚಿನ ಗ್ರಾನೈಟ್ ಪಟ್ಟಿ ಹಾಕುವುದೆಂದು ಮೊದಲೇ ಇತ್ತು. "ಅದನ್ನೇ ಆರಿಂಚಿಗೆ ಹತ್ತಿರ ಮಾಡಿ ಸಾರ್, ಚೂರು ಅದರಲ್ಲೇ ಹೋಗ್ತದೆ" ಎಂದರು. 115ರ ಪಟ್ಟಿ 147 ಆಯಿತು, ಪ್ಯಾಸೇಜ್ ಕತ್ತರಿಯಿಲ್ಲದ 10 ಟೈಲಿನಲ್ಲಿ ಮುಗಿಯಿತು.

ಬಾಕ್ಸ್

ನೆಲಕ್ಕೆ 72 ಮತ್ತು 10, ಒಟ್ಟು 82. ಕತ್ತರಿಸುವಾಗ ಒಡೆಯುವುದಕ್ಕೆ ಮತ್ತು ಬಾಕ್ಸಿನಲ್ಲೇ ಮೂಲೆ ಮುರಿದು ಬರುವುದಕ್ಕೆ 3 ಹಿಡಿದೆ. ಕತ್ತರಿಸಬೇಕಾದ ಟೈಲುಗಳು 24 ಇರುವಾಗ ಅದಕ್ಕಿಂತ ಕಡಿಮೆ ಹಿಡಿಯಲು ಧೈರ್ಯ ಬರಲಿಲ್ಲ. ಮೊಬೈಲಿನ ಶೀಟಿನಲ್ಲಿ ಕೊನೆಯ ಸಾಲು ಹೀಗಿತ್ತು:

```
=ROUNDUP((72+10+3)/4,0)
```

ಉತ್ತರ 22. ಇಲ್ಲಿ ಒಂದು ಸಣ್ಣ ವಿಷಯ ಗಮನಿಸಬೇಕು. ಎರಡೂ ಜಾಗಕ್ಕೆ ಒಂದೇ ಟೈಲ್ ಆದ್ದರಿಂದ ಮೊದಲು ಟೈಲುಗಳನ್ನು ಕೂಡಿಸಿ, ಕೊನೆಯಲ್ಲಿ ಒಂದೇ ಸಲ ಬಾಕ್ಸಿಗೆ ಏರಿಸಬೇಕು. ಕೋಣೆಗೊಂದರಂತೆ ಏರಿಸುತ್ತ ಹೋದರೆ ಮನೆ ದೊಡ್ಡದಾದಷ್ಟೂ ಬಾಕ್ಸ್ ಸುಮ್ಮನೆ ಹೆಚ್ಚುತ್ತದೆ. ಕೋಣೆಗೊಂದು ಬಗೆಯ ಟೈಲ್ ಇದ್ದಾಗ ಮಾತ್ರ ಬೇರೆಬೇರೆಯಾಗಿ ಏರಿಸದೆ ಗತಿಯಿಲ್ಲ.

ಕಡಿಮೆ ಬಿದ್ದರೆ ಮತ್ತೆ ತಂದರಾಯಿತು ಎನ್ನುವಂತಿಲ್ಲ. ಬಾಕ್ಸಿನ ಮೇಲೆ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಇರುತ್ತದೆ. ಕರ್ನಾಟಕದ ಅಂಗಡಿಗಳಲ್ಲಿ ಸಿಗುವ ಟೈಲುಗಳಲ್ಲಿ ಬಹಳಷ್ಟು ಗುಜರಾತಿನ ಮೋರ್ಬಿಯಿಂದ ಲಾರಿಯಲ್ಲಿ ಬರುವಂಥವು. ಒಂದು ಲೋಡ್ ಖಾಲಿಯಾದ ಮೇಲೆ ಅದೇ ಹೆಸರಿನ ಟೈಲ್ ಬಂದರೂ ಅದು ಬೇರೆ ಬ್ಯಾಚಿನದ್ದಾಗಿರಬಹುದು, ಬಣ್ಣ ಒಂದು ಕೂದಲೆಳೆ ಆಚೀಚೆ ಇರಬಹುದು. ಬಿಡಿಯಾಗಿ ನೋಡಿದಾಗ ಅದು ಗೊತ್ತಾಗುವುದಿಲ್ಲ, ಪಕ್ಕಪಕ್ಕ ಕೂತಾಗ ಬೆಳಕು ಓರೆಯಾಗಿ ಬಿದ್ದ ಹೊತ್ತಿನಲ್ಲಿ ತಿಳಿಯುತ್ತದೆ. ಹೀಗಾಗಿ ಗಾಡಿಯಿಂದ ಇಳಿಸುವಾಗಲೇ 22 ಬಾಕ್ಸಿನ ಮೇಲಿನ ಸಂಖ್ಯೆಯನ್ನೂ ಓದಿದೆ. ಒಂದರ ಮೇಲೆ ಶೇಡ್ ಬೇರೆ ಇತ್ತು. ಬಾಕ್ಸ್ ಒಡೆದಿರಲಿಲ್ಲವಾದ್ದರಿಂದ ಅದೇ ಗಾಡಿಯಲ್ಲಿ ವಾಪಸು ಹೋಗಿ ಸರಿಯಾದದ್ದು ಬಂತು.

ಕೆಲಸ ನಡೆದಾಗ

ದಾರ ಹಿಡಿದು ನಡುಮನೆಯ ಮಧ್ಯದ ಗೆರೆ ಎಳೆದ ಮೇಲೆ, ಅಂಟು ಕಲಸುವ ಮೊದಲು, ಒಂದು ಸಾಲನ್ನು ಒಣಗಿದ್ದಂತೆಯೇ ಜೋಡಿಸಿ ನೋಡಿದೆವು. ಎರಡು ಬದಿಯಲ್ಲೂ ಟೇಪಿಗೆ 322, 323 ಸಿಕ್ಕಾಗ ಹಿಂದಿನ ರಾತ್ರಿಯ ಕಾಗದದ ಲೆಕ್ಕ ನಿಜವೆಂದು ಸಮಾಧಾನವಾಯಿತು. ಬದಿಯ ತುಂಡುಗಳನ್ನು ಒಂದೇ ಅಳತೆಗೆ ಗುಡ್ಡೆಯಾಗಿ ಕತ್ತರಿಸಿಡದೆ, ಪ್ರತಿ ಸಾಲಿಗೂ ಜಾಗ ಅಳೆದು ಕತ್ತರಿಸಿದ್ದರಿಂದ ಗೋಡೆಯ ಓರೆ ಅದರಲ್ಲಿ ಕರಗಿತು. ಬಲಗಡೆಯ ಕೊನೆಯ ತುಂಡು 334ರವರೆಗೆ ಹೋಯಿತು. ಆಗಲೂ ಉಳಿದ 263ರಲ್ಲಿ ಎರಡು ಪಟ್ಟಿ ಸಿಕ್ಕವು.

ಒಡೆದದ್ದು ಹಿಡಿದಷ್ಟೇ. ಒಂದು ಬಾಕ್ಸಿನೊಳಗೆ ಮೂಲೆ ಹಾರಿತ್ತು, ಎರಡು ಕತ್ತರಿಸುವಾಗ ಗೆರೆ ಬಿಟ್ಟು ಸೀಳಿದವು. ಸ್ಕರ್ಟಿಂಗ್ ಪಟ್ಟಿಯಲ್ಲಿ ಒಂದು ಮುರಿಯಿತು.

ನಾನು ಮರೆತದ್ದು ಬೇರೆಯೇ ಇತ್ತು. ನಡುಮನೆಯ ಗೋಡೆಯಲ್ಲಿ ನೆಲಮಟ್ಟದಿಂದಲೇ ಶುರುವಾಗುವ ಒಂದು ಗೋಡೆ ಅಲಮಾರು ಇದೆ. ಅದರ ಮರದ ಬಾಗಿಲು ಯಾವಾಗಲೂ ಮುಚ್ಚಿರುವುದರಿಂದ ಅಳತೆಯ ದಿನ ಟೇಪ್ ಅದರ ಮುಂದೆಯೇ ನಿಂತಿತ್ತು. ಮೂರನೆಯ ದಿನ ಮೇಸ್ತ್ರಿ ಬಾಗಿಲು ತೆರೆದು, "ಇದರೊಳಗೆ ಹಳೇ ನೆಲವೇ ಇರಲಾ?" ಎಂದು ಕೇಳಿದಾಗ ಗೊತ್ತಾಯಿತು. ಅಗಲ 1,150, ಆಳ 290. ಸ್ಕರ್ಟಿಂಗಿಗೆ ತೆಗೆದಿಟ್ಟಿದ್ದ 274ರ ತುಂಡುಗಳು ಆಳಕ್ಕೆ 16 ಮಿ.ಮೀ. ಸಾಲದಾದವು. ಹೊಸ ಟೈಲನ್ನು ನಡುವೆ ಸೀಳಿದರೆ 290ರ ಎರಡು ತುಂಡು ಸಿಗುತ್ತವೆ, ಎರಡರ ಉದ್ದ ಸೇರಿ 1,200. ಒಂದೇ ಟೈಲಿನಲ್ಲಿ ಮುಗಿಯಿತು.

ಅಂಗಡಿಯವರ 20 ಬಾಕ್ಸಿನಲ್ಲಿ ಇರುತ್ತಿದ್ದದ್ದು 80 ಟೈಲು. ಹೋದದ್ದು ನೆಲಕ್ಕೆ 83, ಒಡೆದದ್ದು 3, ಅಲ್ಲಿಗೆ 86. ತಿದ್ದಿದ ಹತ್ತು ಪರ್ಸೆಂಟಿನ 21 ಬಾಕ್ಸ್ ತಂದಿದ್ದರೂ ಎರಡು ಟೈಲು ಕಡಿಮೆ ಬೀಳುತ್ತಿತ್ತು. ಮಿಕ್ಕ ಎರಡು ಟೈಲುಗಳನ್ನು, ಬ್ಯಾಚ್ ಸಂಖ್ಯೆ ಇರುವ ಬಾಕ್ಸಿನ ಪಕ್ಕವನ್ನು ಕತ್ತರಿಸಿ ಹಿಂಬದಿಗೆ ಅಂಟಿಸಿ, ಅಟ್ಟದ ಮೇಲೆ ನಿಲ್ಲಿಸಿ ಇಟ್ಟಿದ್ದೇನೆ. ಮುಂದೆಂದಾದರೂ ಪೈಪಿಗೋ ವೈರಿಗೋ ನೆಲ ಅಗೆಯಬೇಕಾದರೆ ಎರಡು ಸಾಲುವುದಿಲ್ಲ. ಇಪ್ಪತ್ತಮೂರನೆಯ ಬಾಕ್ಸನ್ನೂ ಅವತ್ತೇ ತಂದು ಒಡೆಯದೆ ಇಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.